ಕುಳಿತಿರುವವನು ಯಾರು?

ವಸ್ತುಸಂಗ್ರಹಾಲಯಗಳಲ್ಲಿ ಬೌದ್ಧ ಶಿಲ್ಪಗಳ ಸಾಲಿನ ಮುಂದೆ ನಿಂತವರು ಸಾಮಾನ್ಯವಾಗಿ ಆಡುವ ಮಾತು ಎರಡೇ: ಒಂದು, “ಇದು ಬುದ್ಧ”, ಇನ್ನೊಂದು, “ಇದೂ ಬುದ್ಧ”. ಅವರ ತಪ್ಪೇನೂ ಇಲ್ಲ. ಕಾಲು ಮಡಿಚಿ, ಕಣ್ಣು ಅರೆ ಮುಚ್ಚಿ ಕುಳಿತ ವಿಗ್ರಹಗಳು ಮೊದಲ ನೋಟಕ್ಕೆ ಎಲ್ಲವೂ ಒಂದೇ. ಸ್ವಲ್ಪ ಓದಿಕೊಂಡವರು ಒಂದು ಹೆಜ್ಜೆ ಮುಂದೆ ಹೋಗಿ ಕೈಗಳನ್ನು ನೋಡುತ್ತಾರೆ. ಅಭಯ, ವರದ, ಧ್ಯಾನ, ಭೂಮಿಸ್ಪರ್ಶ, ಧರ್ಮಚಕ್ರ ಎಂದು ಮುದ್ರೆಗಳ ಹೆಸರು ಹೇಳಿ ಸಮಾಧಾನಪಡುತ್ತಾರೆ. ಪುಸ್ತಕಗಳೂ ಹೀಗೆಯೇ ಕಲಿಸುತ್ತವೆ. ಆದರೆ ಕೈಯನ್ನು ಮೊದಲು ನೋಡಬಾರದು, ಕೊನೆಗೆ ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಪೀಠದಿಂದ ಮೇಲಕ್ಕೆ ಓದುತ್ತ ಹೋದರೆ ಶಿಲ್ಪಿ ಹೇಳಬೇಕೆಂದಿದ್ದುದು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆ.

ಸಾರನಾಥದ ಪ್ರಸಿದ್ಧ ವಿಗ್ರಹವನ್ನೇ ತೆಗೆದುಕೊಳ್ಳೋಣ. ಅದು 1904-05ರಲ್ಲಿ ಓರ್ಟೆಲ್ ಎಂಬ ಎಂಜಿನಿಯರು ನಡೆಸಿದ ಅಗೆತದಲ್ಲಿ ಸಿಕ್ಕಿತು. ಚುನಾರಿನ ಮರಳುಗಲ್ಲು, ಎತ್ತರ ಸುಮಾರು ಐದೂಕಾಲು ಅಡಿ, ಕಾಲ ಕ್ರಿ.ಶ. ಐದನೆಯ ಶತಮಾನದ ಉತ್ತರಾರ್ಧ. ಇದರ ಚಿತ್ರವನ್ನು ನೋಡದವರು ವಿರಳ. ಆದರೆ ಚಿತ್ರ ನೋಡುವಾಗ ನಮ್ಮ ದೃಷ್ಟಿ ಆ ಮುಖದಲ್ಲಿಯೇ ನಿಂತುಬಿಡುತ್ತದೆ, ಕೆಳಗೆ ಇಳಿಯುವುದೇ ಇಲ್ಲ.

ಕೆಳಗೆ ಪೀಠದ ನಡುವೆ ಒಂದು ಚಕ್ರವಿದೆ. ಅದನ್ನು ಎದುರಿನಿಂದ ತೋರಿಸದೆ, ಅಂಚು ನಮ್ಮ ಕಡೆ ಇರುವಂತೆ ಕೆತ್ತಿದ್ದಾರೆ. ಆದ್ದರಿಂದ ಅವಸರದಲ್ಲಿ ನೋಡಿದವರಿಗೆ ಅದು ಕಂಬದ ತುಂಡಿನಂತೆ ಕಾಣುವುದೂ ಉಂಟು. ಅದರ ಎಡಬಲಗಳಲ್ಲಿ ಮುಕ್ಕಾದ ಎರಡು ಜಿಂಕೆಗಳು. ಚಕ್ರವೆಂದರೆ ಧರ್ಮೋಪದೇಶ, ಜಿಂಕೆಗಳೆಂದರೆ ಮೃಗದಾವ. ಎರಡೂ ಕೂಡಿದರೆ ಸ್ಥಳ ಗೊತ್ತಾಯಿತು, ಪ್ರಸಂಗವೂ ಗೊತ್ತಾಯಿತು. ಚಕ್ರದ ಎರಡು ಪಕ್ಕಗಳಲ್ಲಿ ಮಂಡಿಯೂರಿ ಕುಳಿತವರನ್ನು ಎಣಿಸಿರಿ: ಏಳು ಜನ. ಐವರು ಬೋಳುತಲೆಯ ಭಿಕ್ಷುಗಳು. ಹಿಂದೆ ಸಿದ್ಧಾರ್ಥನೊಡನೆ ತಪಸ್ಸು ಮಾಡಿ, ಅವನು ಉಪವಾಸ ಬಿಟ್ಟನೆಂದು ಮುನಿಸಿಕೊಂಡು ಹೊರಟುಹೋಗಿದ್ದ ಕೌಂಡಿನ್ಯ ಮೊದಲಾದ ಐವರೇ ಇವರು. ಮೊದಲ ಉಪದೇಶ ಕೇಳಿದವರೂ ಅವರೇ. ಉಳಿದ ಇಬ್ಬರು ಒಬ್ಬ ಹೆಂಗಸು, ಒಂದು ಮಗು. ಇವರಿಗೆ ಆ ಕಥೆಯಲ್ಲಿ ಜಾಗವಿಲ್ಲ. ವಿಗ್ರಹವನ್ನು ಮಾಡಿಸಿದ ತಾಯಿ ತನ್ನ ಮಗುವಿನೊಡನೆ ಆ ಐವರ ಸಾಲಿನಲ್ಲಿ ತಾನೂ ಕುಳಿತಿದ್ದಾಳೆ ಎಂದು ವಿದ್ವಾಂಸರು ಊಹಿಸುತ್ತಾರೆ. ಊಹೆ ಒಪ್ಪುವಂತೆಯೇ ಇದೆ. ತನ್ನ ಹೆಸರನ್ನು ಕೆತ್ತಿಸದೆ ತನ್ನನ್ನೇ ಕೆತ್ತಿಸಿದಳು!

ಇಷ್ಟು ಓದಿಯಾದ ಮೇಲೆ ಕೈಗಳ ಕಡೆ ಬನ್ನಿರಿ. ಎರಡು ಕೈಗಳೂ ಎದೆಯ ಮುಂದೆ; ಬಲಗೈಯ ಹೆಬ್ಬೆರಳು ತೋರುಬೆರಳು ಕೂಡಿ ಒಂದು ಬಳೆಯಾಗಿವೆ, ಎಡಗೈಯ ಬೆರಳು ಅದನ್ನು ಮುಟ್ಟುತ್ತದೆ. ಧರ್ಮಚಕ್ರ ಪ್ರವರ್ತನ ಮುದ್ರೆ. ಪೀಠ ಹೇಳಿದ್ದನ್ನೇ ಕೈ ಮತ್ತೊಮ್ಮೆ ಹೇಳಿತು. ಎರಡು ಸಾಕ್ಷಿಗಳು ಒಂದಾದುವು.

ಎರಡು ಸಾಕ್ಷಿ ಏತಕ್ಕೆ, ಮುದ್ರೆಯೊಂದೇ ಸಾಲದೆ ಎಂದು ಕೇಳಬಹುದು. ಸಾಲದು. ಇದೇ ಕೈಗಳನ್ನು ಶ್ರಾವಸ್ತಿಯ ಪವಾಡದ ಶಿಲ್ಪಗಳಲ್ಲಿಯೂ ನೋಡುತ್ತೇವೆ. ಅಲ್ಲಿ ಬುದ್ಧನು ಏಕಕಾಲಕ್ಕೆ ಹಲವು ಬುದ್ಧರಾಗಿ ಕಾಣಿಸಿಕೊಂಡನೆಂಬುದು ಕಥೆ. ಅವನು ಕುಳಿತಿರುವುದು ಸಿಂಹಾಸನದ ಮೇಲಲ್ಲ, ಉದ್ದ ದಂಟಿನ ಕಮಲದ ಮೇಲೆ. ಆ ದಂಟನ್ನು ಇಬ್ಬರು ನಾಗರಾಜರು ಹಿಡಿದಿರುತ್ತಾರೆ. ಕೈ ಅದೇ, ಕಥೆ ಬೇರೆ. ಕಾಲಕ್ರಮದಲ್ಲಿ ಈ ಮುದ್ರೆ ಯಾವ ಒಂದು ಪ್ರಸಂಗಕ್ಕೂ ಅಂಟದೆ ಬರಿಯ ಉಪದೇಶದ ಗುರುತೇ ಆಗಿಹೋಯಿತು. ಎಲ್ಲೋರದ ಹತ್ತನೆಯ ಗುಹೆಯಲ್ಲಿ ಸ್ತೂಪದ ಮುಂದೆ ಇರುವ ಭಾರಿ ಬುದ್ಧನ ಕೈಯೂ ಇದೇ. ಆದರೆ ಅವನು ಪದ್ಮಾಸನ ಹಾಕಿಲ್ಲ. ನಾವು ಕುರ್ಚಿಯ ಮೇಲೆ ಕುಳಿತುಕೊಳ್ಳುವಂತೆ ಕಾಲು ಇಳಿಬಿಟ್ಟಿದ್ದಾನೆ. ಇದಕ್ಕೆ ಪ್ರಲಂಬಪಾದಾಸನವೆಂದು ಹೆಸರು. ಕಾಲು ಇಳಿಬಿಟ್ಟವನು ಮುಂದೆ ಬರಲಿರುವ ಮೈತ್ರೇಯನೇ ಎಂದು ಕೆಲವರು ಖಂಡಿತವಾಗಿ ಹೇಳಿಬಿಡುತ್ತಾರೆ. ಅಜಂತ, ಎಲ್ಲೋರಗಳಲ್ಲಿ ಶಾಕ್ಯಮುನಿಯೂ ಹೀಗೆಯೇ ಕುಳಿತಿರುವುದುಂಟು. ಆಸನವೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಇನ್ನು ಅದೇ ಎಲ್ಲೋರದ ವಿಗ್ರಹವನ್ನು ಬಡಗಿಗಳು ತಮ್ಮ ಕುಲದೇವನಾದ ವಿಶ್ವಕರ್ಮನೆಂದು ಪೂಜಿಸಿದರು. ಗುಹೆಗೆ ವಿಶ್ವಕರ್ಮ ಗುಹೆಯೆಂದೇ ಹೆಸರು ನಿಂತಿತು. ಕಲ್ಲಿನ ಮಾಡಿನಲ್ಲಿ ಮರದ ತೊಲೆಗಳಂತೆಯೇ ಕೆತ್ತಿರುವುದನ್ನು ನೋಡಿದರೆ, ಅವರಿಗೆ ಹಾಗೆ ಅನಿಸಿದ್ದು ಸಹಜವೇ.

ಭೂಮಿಸ್ಪರ್ಶದ ಕೈಯಂತೂ ಇನ್ನೂ ತೊಡಕಿನದು. ಎಡಗೈ ತೊಡೆಯ ಮೇಲೆ ಅಂಗಾತವಾಗಿ, ಬಲಗೈ ಮೊಣಕಾಲಿನ ಮುಂದೆ ಇಳಿದು ನೆಲದ ಕಡೆಗೆ. ಮಾರನು ಬಂದು ಈ ಆಸನಕ್ಕೆ ನಿನಗೇನು ಹಕ್ಕು ಎಂದು ಕೇಳಿದಾಗ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ ಅದು. ಬಿಹಾರ, ಬಂಗಾಳಗಳ ಪಾಲರ ಕಾಲದ ಕರಿಕಲ್ಲಿನ ವಿಗ್ರಹಗಳಲ್ಲಿ ಇದಕ್ಕೆ ಲೆಕ್ಕವೇ ಇಲ್ಲ. ಆದರೆ ಪಂಚ ಧ್ಯಾನಿಬುದ್ಧರಲ್ಲಿ ಒಬ್ಬನಾದ ಅಕ್ಷೋಭ್ಯನ ಕೈಯೂ ಇದೇ! ತಲೆಯ ಮೇಲೆ ಕಿರೀಟವಿದ್ದರೆ ಅಕ್ಷೋಭ್ಯ ಎಂದು ಕೂಡಲೇ ಬರೆದಿಡುವುದು ಒಂದು ರೂಢಿಯಾಗಿತ್ತು. ಕಿರೀಟ ಧರಿಸಿದ ಶಾಕ್ಯಮುನಿಯೂ ಪಾಲರ ಕಾಲದಲ್ಲಿ ಬೇಕಾದಷ್ಟು ಉಂಟು. ಹಾಗಾದರೆ ಗುರುತಿಸುವುದು ಹೇಗೆ? ಸುತ್ತಲೂ ನೋಡಬೇಕು. ಪ್ರಭಾವಳಿಯ ಅಂಚಿನಲ್ಲಿ ಬುದ್ಧನ ಜನನ, ಮದಿಸಿದ ಆನೆಯನ್ನು ಪಳಗಿಸಿದ್ದು, ಕೋತಿ ಕೊಟ್ಟ ಜೇನು ಇವೆಲ್ಲ ಅಂಗೈಯಗಲದ ಚಿತ್ರಗಳಾಗಿದ್ದು, ನೆತ್ತಿಯ ಮೇಲೆ ಮಲಗಿದ ಪರಿನಿರ್ವಾಣದ ಬುದ್ಧನಿದ್ದರೆ, ನಡುವಿನವನು ಶಾಕ್ಯಮುನಿಯೇ. ಏಕೆಂದರೆ ಜೀವನಚರಿತ್ರೆ ಇರುವುದು ಅವನಿಗೆ, ಎಂದೂ ಮನುಷ್ಯನಾಗಿ ಹುಟ್ಟದ ಅಕ್ಷೋಭ್ಯನಿಗಲ್ಲ. ಪೀಠದಲ್ಲಿ ಆನೆಗಳ ಜೋಡಿ ಇದ್ದರೆ ಮಾತ್ರ ಅಕ್ಷೋಭ್ಯನ ಕಡೆ ವಾಲಬಹುದು, ಆನೆ ಅವನ ವಾಹನವಾದ್ದರಿಂದ.

ಕೈಗಿಂತ ಸ್ಥಳವೇ ಹೆಸರು ಹೇಳುವ ಒಂದು ವಿಚಿತ್ರ ಉದಾಹರಣೆ ಜಾವಾದ ಬೊರೊಬುದುರ್. ಅಲ್ಲಿ ಕುಳಿತ ಬುದ್ಧರು ಮೂಲದಲ್ಲಿ 504. ಕೆಳಗಿನ ನಾಲ್ಕು ಅಂತಸ್ತುಗಳಲ್ಲಿ ದಿಕ್ಕಿಗೆ 92ರಂತೆ ಇದ್ದಾರೆ. ಪೂರ್ವಕ್ಕೆ ಮುಖ ಮಾಡಿದವರೆಲ್ಲರದೂ ಭೂಮಿಸ್ಪರ್ಶ, ದಕ್ಷಿಣದವರದು ವರದ, ಪಶ್ಚಿಮದವರದು ಧ್ಯಾನ, ಉತ್ತರದವರದು ಅಭಯ. ಪೂರ್ವ ಅಕ್ಷೋಭ್ಯನ ದಿಕ್ಕು. ಅದೇ ವಿಗ್ರಹವೊಂದನ್ನು ಅಲ್ಲಿಂದ ಎತ್ತಿ ತಂದು ಬೇರೊಂದು ಊರಿನ ಕೋಣೆಯಲ್ಲಿ ಇಟ್ಟರೆ, ಅವನು ಅಕ್ಷೋಭ್ಯನೆಂದು ಹೇಳಲು ಏನು ಉಳಿಯಿತು? ಶಿಲ್ಪವನ್ನು ಅದರ ಜಾಗದಿಂದ ಕಿತ್ತವರು ಅದರ ಹೆಸರನ್ನೂ ಕಿತ್ತುಕೊಂಡಂತೆಯೇ.

ತಲೆಯ ಹಿಂದಿನ ಪ್ರಭೆಯ ವಿಷಯಕ್ಕೆ ಬರೋಣ. ಅದು ‘ಯಾರು’ ಎಂಬುದಕ್ಕೆ ಉತ್ತರ ಕೊಡುವುದು ಕಡಿಮೆ. ‘ಯಾವಾಗ’ ಎಂಬುದಕ್ಕೆ ಕೊಡುವುದು ಹೆಚ್ಚು. ಗಾಂಧಾರದಲ್ಲಿ ಅದು ಬಹುಮಟ್ಟಿಗೆ ಬರಿಯ ತಟ್ಟೆ. ಕುಷಾಣರ ಮಥುರೆಯಲ್ಲಿ ತಟ್ಟೆಯ ಅಂಚಿಗೆ ಅರ್ಧಚಂದ್ರಾಕಾರದ ಸಣ್ಣ ಕಚ್ಚುಗಳು ಬಂದುವು. ಗುಪ್ತರ ಕಾಲಕ್ಕೆ, ಸಾರನಾಥದಲ್ಲಿ ಕಾಣುವಂತೆ, ನಡುವಣ ಭಾಗವನ್ನು ಖಾಲಿ ಬಿಟ್ಟು ಅಂಚಿನಲ್ಲಿ ಹೂಬಳ್ಳಿಯ ಪಟ್ಟಿಯನ್ನೂ ಮುತ್ತಿನ ಸಾಲನ್ನೂ ಬಿಡಿಸಿದರು. ಪಾಲರ ಕಾಲದಲ್ಲಿ ಅಂಚಿನಲ್ಲಿ ಜ್ವಾಲೆಗಳು ಎದ್ದುವು. ಆದುದರಿಂದ ತಲೆ, ಕೈ ಎರಡೂ ಹೋಗಿ ಪ್ರಭೆಯ ಚೂರು ಮಾತ್ರ ಉಳಿದಿದ್ದರೂ ಕಾಲವನ್ನು ಅಂದಾಜು ಮಾಡಬಹುದು.

ಕೈ ಹೋಗುವುದಂತೂ ಸಾಮಾನ್ಯ. ಮುಂದಕ್ಕೆ ಚಾಚಿದ್ದು ಮೊದಲು ಮುರಿಯುತ್ತದೆ. ಆಗಲೂ ಗಾಯದ ಕಲೆ ಉಳಿದಿರುತ್ತದೆ. ಬಲಭುಜದ ಬಳಿ ಕಲ್ಲು ಒರಟಾಗಿದ್ದರೆ ಎತ್ತಿದ ಅಭಯಹಸ್ತವಿತ್ತೆಂದು ತಿಳಿಯಬೇಕು. ಎದೆಯ ನಡುವೆ ಇದ್ದರೆ ಉಪದೇಶದ ಕೈಗಳು. ಮೊಣಕಾಲಿನ ಮುಂದೆ ಬೆರಳ ತುದಿಗಳು ಅಂಟಿಕೊಂಡಿದ್ದರೆ ಭೂಮಿಸ್ಪರ್ಶ. ಈ ಕಲೆಗಳನ್ನು ನೋಡದೆ ಹೊಸ ಕೈ ಜೋಡಿಸಿದಲ್ಲಿ ಬುದ್ಧನು ತಾನು ಹೇಳದ ಮಾತನ್ನು ಹೇಳಬೇಕಾಗುತ್ತದೆ.

ನಮ್ಮ ನಾಡಿನವರಿಗೆ ಬೇರೊಂದು ತೊಡಕು ಉಂಟು. ಊರೂರಿನ ಬಸದಿಗಳಲ್ಲಿ ಕುಳಿತ ಜಿನರನ್ನು ನೋಡಿ ಬೆಳೆದ ಕಣ್ಣಿಗೆ ಧ್ಯಾನಮುದ್ರೆಯ ಬುದ್ಧನೂ ತೀರ್ಥಂಕರನಂತೆ ಕಾಣುತ್ತಾನೆ. ಎದೆಯ ಮೇಲೆ ಶ್ರೀವತ್ಸವಿದ್ದರೆ ಜಿನ ಎಂಬ ಸೂತ್ರ ಉತ್ತರದೇಶಕ್ಕೆ ಸರಿ. ದಕ್ಷಿಣದ ಜಿನಬಿಂಬಗಳಲ್ಲಿ ಎಷ್ಟೋ ಕಡೆ ಆ ಗುರುತೇ ಇಲ್ಲ. ನಾನಾದರೆ ಬಟ್ಟೆ ಹುಡುಕುತ್ತೇನೆ. ಬುದ್ಧನ ಚೀವರ ಎಷ್ಟೇ ತೆಳುವಾಗಿ ಮೈಗೆ ಅಂಟಿದ್ದರೂ ಅದರ ಅಂಚು ಎಲ್ಲಿಯಾದರೂ ಸಿಕ್ಕೇ ಸಿಕ್ಕುತ್ತದೆ: ಎದೆಗೆ ಅಡ್ಡಲಾಗಿ ಒಂದು ಗೆರೆ, ಎಡಭುಜದ ಮೇಲೆ ಮಡಿಕೆ, ಕಣಕಾಲಿನ ಬಳಿ ಬೀಸಣಿಗೆಯಂತೆ ಹರಡಿದ ನೆರಿಗೆ. ದಿಗಂಬರ ಬಿಂಬದಲ್ಲಿ ಇದಾವುದೂ ಇರದು. ತಲೆಯ ಮೇಲೆ ಮುಕ್ಕೊಡೆ, ಪಕ್ಕದಲ್ಲಿ ಯಕ್ಷಯಕ್ಷಿಯರಿದ್ದರೆ ಸಂಶಯ ಪೂರ್ತಿ ಕಳೆಯಿತು.

ಆದರೆ ಗುರುತುಗಳೆಲ್ಲ ಒಂದು ಹೇಳಿ ಶಾಸನವೇ ಇನ್ನೊಂದು ಹೇಳಿದರೆ? ಮಥುರೆಯ ಕಟ್ರಾ ದಿಬ್ಬದಲ್ಲಿ ದೊರೆತ ಕೆಂಪುಕಲ್ಲಿನ ಸಣ್ಣ ಶಿಲ್ಪ ಅಂಥದು. ಪದ್ಮಾಸನ, ಅಭಯಹಸ್ತ, ಅಂಗೈ ಅಂಗಾಲುಗಳಲ್ಲಿ ಚಕ್ರ, ಹಿಂದೆ ಬೋಧಿವೃಕ್ಷದ ಎಲೆಗಳು, ಎಡಬಲಕ್ಕೆ ಚಾಮರಧಾರಿಗಳು, ಮೈಮೇಲೆ ಒಡವೆಯಿಲ್ಲದ ಭಿಕ್ಷುವಿನ ಉಡುಗೆ. ಯಾರೇ ನೋಡಿದರೂ ಬುದ್ಧ ಎನ್ನಬೇಕು. ಪೀಠದ ಬರಹದಲ್ಲಿ ಬುದ್ಧರಕ್ಷಿತನ ತಾಯಿ ಅಮೋಹಾಸಿ ಎಂಬವಳು ತನ್ನ ವಿಹಾರದಲ್ಲಿ ಈ ‘ಬೋಧಿಸತ್ತ್ವ’ನನ್ನು ಸ್ಥಾಪಿಸಿದಳೆಂದಿದೆ. ಕೆತ್ತಿದವನು ಎಡವಿದನೆಂದು ಹೇಳುವಂತಿಲ್ಲ. ಆ ಕಾಲದ ಮಥುರೆಯ ಬೇರೆ ವಿಗ್ರಹಗಳಲ್ಲಿಯೂ ಇದೇ ಪದವಿದೆ. ಬುದ್ಧನನ್ನು ಮನುಷ್ಯರೂಪದಲ್ಲಿ ಕಡೆಯುವುದು ಆಗಿನ್ನೂ ಹೊಸತು. ನೇರವಾಗಿ ಬುದ್ಧನೆಂದು ಕರೆಯಲು ಭಕ್ತರು ಹಿಂಜರಿದಿರಬೇಕು ಎಂದು ಕೆಲವರೂ, ಜ್ಞಾನೋದಯಕ್ಕೆ ಮುಂಚಿನ ಸಿದ್ಧಾರ್ಥನೇ ಅವರ ಮನಸ್ಸಿನಲ್ಲಿದ್ದನೆಂದು ಇನ್ನು ಕೆಲವರೂ ವಾದಿಸುತ್ತಾರೆ. ಮೊದಲನೆಯದಕ್ಕಿಂತ ಎರಡನೆಯದು ನನಗೆ ಹೆಚ್ಚು ಹಿಡಿಸುತ್ತದೆ. ಚಾಮರ ಬೀಸುವವರು ರಾಜಪುರುಷರಂತೆ ಉಟ್ಟು ತೊಟ್ಟಿದ್ದಾರೆ, ಸಿಂಹಾಸನವೂ ಇದೆ, ಅರಸನಾಗಬೇಕಾಗಿದ್ದವನ ನೆನಪು ಆ ಕಲ್ಲಿನಿಂದ ಇನ್ನೂ ಹೋಗಿಲ್ಲ.

ಮಂಗಳೂರಿನ ಕದ್ರಿಯ ಮಂಜುನಾಥ ದೇವಾಲಯದಲ್ಲಿ ನಮ್ಮದೇ ಆದ ಇಂಥ ಒಂದು ಪ್ರಶ್ನೆ ಕುಳಿತಿದೆ. ಕಂಚಿನ ವಿಗ್ರಹ, ಮೂರು ಮುಖ, ಆರು ಕೈ. ಮೂರು ಮುಖ ಕಂಡ ಶೈವವೈಷ್ಣವ ಭಕ್ತರಿಗೆ ನೆನಪಾಗುವ ದೇವರುಗಳೇ ಬೇರೆ. ಕೈಗಳನ್ನು ಎಣಿಸುತ್ತ ಕುಳಿತರೂ ಇತ್ಯರ್ಥವಾಗದು. ಕಿರೀಟವನ್ನು ನೋಡಬೇಕು: ಅದರಲ್ಲಿ ಧ್ಯಾನದಲ್ಲಿ ಕುಳಿತ ಪುಟ್ಟ ಬುದ್ಧನಿದ್ದಾನೆ. ಮುಡಿಯಲ್ಲಿ ಅಮಿತಾಭನನ್ನು ಧರಿಸುವವನು ಅವಲೋಕಿತೇಶ್ವರ, ಅಂದರೆ ಲೋಕೇಶ್ವರ. ಪೀಠದ ಶಾಸನವೂ ಲೋಕೇಶ್ವರನೆಂದೇ ಹೇಳುತ್ತದೆ, ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮನು ಕದರಿಕಾ ವಿಹಾರದಲ್ಲಿ ಇದನ್ನು ಸ್ಥಾಪಿಸಿದನು. ಇಷ್ಟಾದರೂ ಚರ್ಚೆ ಮುಗಿದಿಲ್ಲ, ಏಕೆಂದರೆ ಅದೇ ಶಾಸನ ಕುಂದವರ್ಮನನ್ನು ಚಂದ್ರಶೇಖರನ ಪಾದಕಮಲದ ದುಂಬಿಯೆಂದು ಹೊಗಳುತ್ತದೆ. ಶಿವಭಕ್ತನಾದ ಅರಸು ವಿಹಾರಕ್ಕೆ ಬೋಧಿಸತ್ತ್ವನನ್ನು ಮಾಡಿಸಿಕೊಟ್ಟನೋ, ಅವನ ಕಾಲಕ್ಕೆ ಆ ವಿಹಾರದಲ್ಲಿ ಲೋಕೇಶ್ವರನೂ ಶಿವನೂ ಒಬ್ಬನೇ ಆಗಿದ್ದರೋ, ಕಿರೀಟದ ಪುಟ್ಟ ಬುದ್ಧ ಹೇಳುವುದಿಲ್ಲ.