ಬೆನ್ನ ಮೇಲೆ ಯಾವ ಹೆಸರು? ಕುಂಬಳೆಯಿಂದ ಹೊಳವನಹಳ್ಳಿವರೆಗೆ ಜೆರ್ಸಿಯ ಕಥೆ

ಹಬ್ಬ, ಜಾತ್ರೆ, ರಾಜ್ಯೋತ್ಸವ ಹತ್ತಿರ ಬಂತೆಂದರೆ ನಮ್ಮ ಕಡೆ ವಾಲಿಬಾಲ್, ಕಬಡ್ಡಿ, ಕ್ರಿಕೆಟ್ ಟೂರ್ನಿಗಳು ಶುರು. ಟೂರ್ನಿಗೂ ಮೊದಲು ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಜಗಳ ಶುರುವಾಗುತ್ತದೆ. ತಂಡಕ್ಕೆ ಯಾವ ಹೆಸರು? ಜೆರ್ಸಿ ಹಿಂದೆ ಯಾರ ಹೆಸರು ಹೇಗೆ ಬರಬೇಕು? ಪ್ರಿಂಟ್ ಮಾಡುವವರು ‘ಉದ್ದ ಆಯ್ತು, ಚಿಕ್ಕದು ಮಾಡಿ ಕಳಿಸಿ’ ಅನ್ನುತ್ತಾರೆ. ಚಿಕ್ಕದು ಮಾಡುವುದೆಂದರೆ ಅಪ್ಪನ ಹೆಸರು ಬಿಡುವುದೋ, ಊರ ಹೆಸರು ಬಿಡುವುದೋ, ಇಟ್ಟ ಹೆಸರನ್ನೇ ಅರ್ಧ ಮಾಡುವುದೋ? ಈ ತಕರಾರು ನಮ್ಮ ಹಳ್ಳಿಗಳದ್ದಷ್ಟೇ ಅಲ್ಲ. ಇದಕ್ಕೊಂದು ಚರಿತ್ರೆಯೇ ಇದೆ, ಅದರಲ್ಲಿ ನಮ್ಮ ಕರ್ನಾಟಕದ ದೊಡ್ಡ ಆಟಗಾರರೂ ಇದ್ದಾರೆ.

ಹೆಸರು ಬೆನ್ನಿಗೆ ಬಂದದ್ದು ಟಿವಿಯಿಂದ

ಆಟಗಾರನ ಬೆನ್ನಿಗೆ ಮೊದಲು ಬಂದದ್ದು ನಂಬರ್. ಹೆಸರು ಬಂದದ್ದು ಬಹಳ ತಡವಾಗಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡದ ಮಾಲೀಕ ಬಿಲ್ ವೆಕ್ 1960ರಲ್ಲಿ ತನ್ನ ಆಟಗಾರರ ಅಂಗಿಯ ಹಿಂದೆ ಹೆಸರು ಹಾಕಿಸಿದ. ಮನೆಯಲ್ಲಿ ಕೂತು ಟಿವಿ ನೋಡುವವರಿಗೆ ಯಾರು ಯಾರೆಂದು ಗೊತ್ತಾಗಲಿ ಅನ್ನುವುದು ಅವನ ಲೆಕ್ಕ. ಆ ವರ್ಷವೇ ತಪ್ಪೂ ಆಯಿತು. ಟೆಡ್ ಕ್ಲುಜೆವ್‌ಸ್ಕಿ ಎಂಬ ಆಟಗಾರನ ಹೆಸರು KLUSZEWSKI. ಅಂಗಿಯ ಮೇಲೆ Z ಉಲ್ಟಾ ಕೂತಿತ್ತು, ಎರಡನೇ K ಇರಬೇಕಾದ ಕಡೆ X ಬಂದಿತ್ತು. ಅಂದರೆ ಬೆನ್ನಿಗೆ ಹೆಸರು ಬಂದ ವರ್ಷವೇ ಸ್ಪೆಲ್ಲಿಂಗ್ ತಪ್ಪೂ ಬಂತು.

ಕ್ರಿಕೆಟ್‌ ವಿಶ್ವಕಪ್‌ನಲ್ಲಿ ಬಣ್ಣದ ಅಂಗಿ, ಅದರ ಹಿಂದೆ ಹೆಸರು ಬಂದದ್ದು 1992ರಲ್ಲಿ. ನಂಬರ್ ಸೇರಿದ್ದು 1999ರ ವಿಶ್ವಕಪ್‌ನಲ್ಲಿ. ಟೆಸ್ಟ್ ಪಂದ್ಯದ ಬಿಳಿ ಅಂಗಿಗೆ ಹೆಸರು, ನಂಬರ್ ಬರಲು 2019ರ ಆಗಸ್ಟ್‌ನ ಆಶಸ್ ಸರಣಿವರೆಗೆ ಕಾಯಬೇಕಾಯಿತು.

ಹೀಗಾಗಿ ನಮ್ಮ ಬಿ.ಎಸ್. ಚಂದ್ರಶೇಖರ್ ಅವರಿಗೆ ಈ ಕಷ್ಟವೇ ಬರಲಿಲ್ಲ. 1964ರಿಂದ 1979ರವರೆಗೆ ಅವರು ಟೆಸ್ಟ್ ಆಡಿ 242 ವಿಕೆಟ್ ತೆಗೆದರು, ಆದರೆ ಬೆನ್ನ ಮೇಲೆ ಒಂದಕ್ಷರವೂ ಇರಲಿಲ್ಲ. ಇದ್ದಿದ್ದರೆ CHANDRASEKHAR ಎಂದು 13 ಅಕ್ಷರ ಕೂರಿಸಬೇಕಿತ್ತು. ಜನ ಮಾತ್ರ ಅವರನ್ನು ಆಗಲೇ ‘ಚಂದ್ರ’ ಎಂದು ಮೊಟಕು ಮಾಡಿದ್ದರು. ಜಿ.ಆರ್. ವಿಶ್ವನಾಥ್ ‘ವಿಶಿ’ ಆಗಿದ್ದರು. ಉದ್ದದ ಹೆಸರನ್ನು ಬಾಯಿಗೆ ಬರುವಷ್ಟು ಮಾಡಿಕೊಳ್ಳುವುದು ಜೆರ್ಸಿಗಿಂತ ಹಳೆಯದು.

ಎರಡು ಊರು, ಎರಡು ಬೆನ್ನು

ಈಗ ಇಬ್ಬರು ಬೌಲರ್‌ಗಳನ್ನು ನೋಡಿ. ಇಬ್ಬರೂ ಕರ್ನಾಟಕದವರು, ಇಬ್ಬರೂ ಭಾರತಕ್ಕೆ ಜೊತೆಯಲ್ಲಿ ಆಡಿದವರು. ಒಬ್ಬರು ಅನಿಲ್ ಕುಂಬ್ಳೆ, ಇನ್ನೊಬ್ಬರು ಜಾವಗಲ್ ಶ್ರೀನಾಥ್.

ಕುಂಬ್ಳೆ ಎಂಬುದು ಊರ ಹೆಸರು. ಕಾಸರಗೋಡು ಜಿಲ್ಲೆಯ ಕುಂಬಳೆ ಅದು. ಅನಿಲ್ ಹುಟ್ಟಿದ್ದು ಬೆಂಗಳೂರಿನಲ್ಲಾದರೂ ಮನೆತನದ ಮೂಲ ಆ ಊರು. ಜಾವಗಲ್ ಕೂಡ ಊರ ಹೆಸರೇ, ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನದು. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ.

ಇಬ್ಬರ ಹೆಸರಿನಲ್ಲೂ ಊರು ಇದೆ. ಆದರೆ ಬೆನ್ನ ಮೇಲೆ ಬಂದದ್ದು ಒಂದೇ ಊರು. ಅನಿಲ್ ಅವರ ಬೆನ್ನಿನಲ್ಲಿ KUMBLE ಇತ್ತು, ಶ್ರೀನಾಥ್ ಅವರ ಬೆನ್ನಿನಲ್ಲಿ SRINATH ಇತ್ತು. ಜಾವಗಲ್ ಸ್ಕೋರ್‌ಕಾರ್ಡಿನ ಒಂದು ‘ಜೆ’ ಆಗಿ ಉಳಿಯಿತು. ಕಾರಣ ಸುಲಭ. ಬೆನ್ನ ಮೇಲೆ ಕೊನೆಯ ಪದ ಹಾಕುವುದು ಸರ್‌ನೇಮ್ ಇರುವ ನಾಡುಗಳ ಪದ್ಧತಿ. ಅಲ್ಲಿ ಕೊನೆಯ ಪದವೆಂದರೆ ಮನೆತನ. ನಮ್ಮಲ್ಲಿ ಊರು ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ಅದೇ ಕುಂಬಳೆಯ ಹೆಸರು ಹೊತ್ತ ಯಕ್ಷಗಾನ, ತಾಳಮದ್ದಳೆಯ ದೊಡ್ಡ ಕಲಾವಿದರು ಕುಂಬ್ಳೆ ಸುಂದರ ರಾವ್. ಅವರ ಹೆಸರಿನಲ್ಲಿ ಊರು ಮುಂದಿದೆ. ಕೊನೆಯ ಪದದ ನಿಯಮ ಹಿಡಿದರೆ ಅವರ ಬೆನ್ನಿಗೆ ಬರೀ RAO ಬರುತ್ತಿತ್ತು, ಅದು ಯಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕುಂಬ್ಳೆ ಅವರ ಸ್ಪೆಲ್ಲಿಂಗ್ ಕೂಡ ಗಮನಿಸಿ. ಕನ್ನಡದಲ್ಲಿ ಊರು ಕುಂಬಳೆ. ರೈಲ್ವೆ ಸ್ಟೇಷನ್ನಿನ ಇಂಗ್ಲಿಷ್ ಹೆಸರು Kumbla. ಆಟಗಾರನ ಹೆಸರು Kumble. ಮೂರೂ ಒಂದೇ ಊರು. ಇಂಗ್ಲಿಷಿನಲ್ಲಿ ‘ಳ’ ಇಲ್ಲ, ಕೊನೆಯ ‘ಎ’ಕಾರವನ್ನು ಗೊತ್ತಿಲ್ಲದವರು ಓದುವುದೂ ಇಲ್ಲ. ಆದರೂ ಒಂದು ಸ್ಪೆಲ್ಲಿಂಗ್ ಹಿಡಿದು ಅದನ್ನೇ ಕೊನೆವರೆಗೂ ಬಿಡದೆ ಬಳಸಿದ್ದರಿಂದ ಜಗತ್ತು ಅದನ್ನು ಕಲಿತುಕೊಂಡಿತು.

1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಎದುರು ಕುಂಬ್ಳೆ ಒಂದೇ ಇನ್ನಿಂಗ್ಸಿನಲ್ಲಿ ಹತ್ತೂ ವಿಕೆಟ್ ತೆಗೆದರು. ಒಂಬತ್ತು ಆದ ಮೇಲೆ ಇನ್ನೊಂದು ತುದಿಯಲ್ಲಿ ಬೌಲ್ ಮಾಡುತ್ತಿದ್ದವರು ಶ್ರೀನಾಥ್. ಹತ್ತನೆಯದು ಗೆಳೆಯನಿಗೇ ಸಿಗಲಿ ಎಂದು ಅವರು ವಿಕೆಟ್ಟಿನಿಂದ ದೂರ ಚೆಂಡು ಹಾಕಿದರು. ಕುಂಬಳೆ, ಜಾವಗಲ್ ಎರಡೂ ಊರು ಅಲ್ಲಿದ್ದವು. ಟೆಸ್ಟ್ ಆದ್ದರಿಂದ ಇಬ್ಬರ ಬೆನ್ನೂ ಖಾಲಿ.

ತಂಡದ ಹೆಸರು, ಊರಿನ ಸ್ಪೆಲ್ಲಿಂಗ್

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ಬದಲಾಯಿತು. ನಮ್ಮ ಜಿಲ್ಲೆ Tumkur ಇದ್ದದ್ದು Tumakuru ಆಯಿತು. ಆರು ಅಕ್ಷರ ಎಂಟಾಯಿತು. Shimoga ಏಳಿದ್ದದ್ದು Shivamogga ಆಗಿ ಹತ್ತಾಯಿತು. Bangalore ಮಾತ್ರ Bengaluru ಆದರೂ ಒಂಬತ್ತೇ.

ಸರ್ಕಾರ ಬದಲಿಸಿತೆಂದು ತಂಡಗಳು ಕೂಡಲೇ ಬದಲಾಗಲಿಲ್ಲ. 2008ರಲ್ಲಿ ಹುಟ್ಟಿದ ಆರ್‌ಸಿಬಿ ತನ್ನ ಹೆಸರಿನಲ್ಲಿ ಬೆಂಗಳೂರು ಎಂದು ಮಾಡಿಕೊಂಡದ್ದು 2024ರ ಮಾರ್ಚ್‌ನಲ್ಲಿ. 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಸರ್ಕಾರಕ್ಕಿಂತ ಮೊದಲೇ Bengaluru ಎಂದು ಬರೆದುಕೊಂಡಿತ್ತು. ಮಹಾರಾಜ ಟ್ರೋಫಿ ಶುರುವಾದದ್ದು 2022ರಲ್ಲಿ. ಊರು ಹುಬ್ಬಳ್ಳಿ, ಕಲಬುರಗಿ ಆಗಿ ಎಂಟು ವರ್ಷವಾಗಿದ್ದರೂ ಅಲ್ಲಿ ‘ಹುಬ್ಳಿ ಟೈಗರ್ಸ್’, ‘ಗುಲ್ಬರ್ಗ ಮಿಸ್ಟಿಕ್ಸ್’ ಆಡಿದವು. ಊರಿನ ಹೆಸರು ಸರ್ಕಾರದ್ದು, ತಂಡದ ಹೆಸರು ತಂಡದವರದ್ದು.

ಸಂಘ ನೋಂದಣಿ ಮಾಡಿಸುವುದಾದರೆ ಮಾತ್ರ ಹೆಸರಿಗೆ ಕಟ್ಟುಪಾಡು ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ಈಗಾಗಲೇ ನೋಂದಣಿಯಾದ ಸಂಘದ ಹೆಸರೇ ಇರಬಾರದು, ಅದಕ್ಕೆ ತೀರಾ ಹತ್ತಿರವೂ ಇರಬಾರದು. ಗಾಂಧೀಜಿ, ನೆಹರೂ, ಶಿವಾಜಿ ಅವರ ಹೆಸರುಗಳು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಪಟ್ಟಿಯಲ್ಲಿವೆ, ಅವನ್ನು ಇಟ್ಟುಕೊಂಡರೆ ನೋಂದಣಿಯಲ್ಲಿ ತಡೆ ಬರಬಹುದು. ನೋಂದಣಿಗೆ ಕೊಟ್ಟ ಹೆಸರು ಉದ್ದವಿದ್ದರೂ ಚಿಂತೆಯಿಲ್ಲ. ಜೆರ್ಸಿಗೆ ಬೇರೆ ಚಿಕ್ಕ ಹೆಸರು ಸಾಕು.

ಹೊಳವನಹಳ್ಳಿ ಎಷ್ಟು ಜಾಗ ಹಿಡಿಯುತ್ತದೆ?

ಈಗ ಲೆಕ್ಕ ಹಾಕೋಣ. ಹೊಳವನಹಳ್ಳಿಯ ವಾಲಿಬಾಲ್ ತಂಡವೊಂದು ಜೆರ್ಸಿ ಮಾಡಿಸುತ್ತದೆ ಅಂತಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ವಾಲಿಬಾಲ್ ನಿಯಮದ ಪ್ರಕಾರ ಬೆನ್ನಿನ ನಂಬರ್ ಕನಿಷ್ಠ 20 ಸೆಂಟಿಮೀಟರ್ ಎತ್ತರ, ಎದೆಯದು 15 ಸೆಂಟಿಮೀಟರ್ ಇರಬೇಕು. ಮೊದಲು ನಂಬರಿಗೆ ಜಾಗ ಬಿಡಬೇಕು, ಹೆಸರು ಆಮೇಲೆ.

ನಂಬರಿನ ಮೇಲೆ ಹೆಸರಿಗೆ ಸಿಗುವುದು ಹೆಗಲಿಂದ ಹೆಗಲಿಗೆ ಸುಮಾರು 12 ಇಂಚು. ದೂರದಿಂದ ಓದಲು ಅಕ್ಷರ 2 ಇಂಚು ಎತ್ತರ ಬೇಕು. ಅಷ್ಟು ಎತ್ತರದ ದಪ್ಪ ಇಂಗ್ಲಿಷ್ ಅಕ್ಷರ, ನಡುವಿನ ಜಾಗವೂ ಸೇರಿ, ಸುಮಾರು ಒಂದೂವರೆ ಇಂಚು ಅಗಲ ಹಿಡಿಯುತ್ತದೆ. ಅಂದರೆ ಎಂಟು ಅಕ್ಷರ ಆರಾಮಾಗಿ ಕೂರುತ್ತದೆ. HOLAVANAHALLI 13 ಅಕ್ಷರ, ಚಂದ್ರಶೇಖರ್ ಅವರಷ್ಟೇ. ಅದಕ್ಕೆ ಹತ್ತೊಂಬತ್ತೂವರೆ ಇಂಚು ಬೇಕು. 12ರಲ್ಲಿ ತುರುಕಿದರೆ ಅಕ್ಷರ ಒತ್ತಿಕೊಂಡು, ಕೋರ್ಟಿನ ಆಚೆಯಿಂದ ಒಂದು ಗೆರೆಯಂತೆ ಕಾಣುತ್ತದೆ.

ಕನ್ನಡದಲ್ಲಿ ಬರೆದರೆ? ಹೊ-ಳ-ವ-ನ-ಹ-ಳ್ಳಿ, ಆರೇ ಅಕ್ಷರ! ಲಕ್ಷ್ಮೀನರಸಿಂಹ ಇಂಗ್ಲಿಷಿನಲ್ಲಿ 16, ಕನ್ನಡದಲ್ಲಿ ಆರು. ಅಗಲ ಉಳಿಯುತ್ತದೆ, ಆದರೆ ಎತ್ತರದಲ್ಲಿ ಬೆಲೆ ಕೊಡಬೇಕು. ಮೇಲೆ ಗುಡಿಸು, ಕೆಳಗೆ ಒತ್ತು ಬರುವುದರಿಂದ 2 ಇಂಚಿನ ಸಾಲಿನಲ್ಲಿ ಮೂಲ ಅಕ್ಷರಕ್ಕೆ ಸಿಗುವುದು ಸುಮಾರು ಒಂದು ಇಂಚು. ಕನ್ನಡಕ್ಕೆ ಸಾಲಿನ ಎತ್ತರ 3 ಇಂಚು ಕೇಳಿ. ನಂಬರನ್ನು ಒಂದು ಇಂಚು ಕೆಳಗಿಳಿಸಿದರೆ ಆಯಿತು.

ಇನ್ನೊಂದು ತೊಡಕು ಕಂಪ್ಯೂಟರಿನದು. ನೀವು ಮೊಬೈಲಿನಲ್ಲಿ ಟೈಪ್ ಮಾಡುವ ಕನ್ನಡ ಯುನಿಕೋಡ್. ಎಷ್ಟೋ ಪ್ರಿಂಟಿಂಗ್ ಅಂಗಡಿಗಳ ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಅದು ಹೊಂದುವುದಿಲ್ಲ, ಅವರು ನುಡಿಯಂತಹ ಹಳೆಯ ಫಾಂಟಿನಲ್ಲಿ ಮತ್ತೆ ಟೈಪ್ ಮಾಡುತ್ತಾರೆ. ಕಾಪಿ ಮಾಡಿ ಹಾಕಿದರೆ ‘ಳ್ಳಿ’ಯ ಒತ್ತು ಪಕ್ಕಕ್ಕೆ ಜಾರುತ್ತದೆ, ‘ಮೂರ್ತಿ’ಯ ಅರ್ಕಾವತ್ತು ಕಳಚುತ್ತದೆ. ಪ್ರಿಂಟಿಗೆ ಮೊದಲು ಅಂಗಡಿಯವರಿಂದ ಫೋಟೊ ತರಿಸಿಕೊಂಡು ಒತ್ತು ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನೇ ಮೊದಲು ನೋಡಿ. ಅವು ಸರಿ ಇದ್ದರೆ ಉಳಿದವು ಬಹುತೇಕ ಸರಿ ಇರುತ್ತವೆ.

ಪಟ್ಟಿ ಹೀಗೆ ಮಾಡಬಹುದು

ಊರು ಎದೆಗೆ, ಆಟಗಾರ ಬೆನ್ನಿಗೆ. ಎದೆಯಲ್ಲಿ ಎರಡು ಸಾಲು ಸಿಗುವುದರಿಂದ ಕನ್ನಡದಲ್ಲಿ ‘ಹೊಳವನಹಳ್ಳಿ’ ಪೂರ್ತಿ ಬರುತ್ತದೆ, ಕೆಳಗೆ ಸಂಘದ ಚಿಕ್ಕ ಹೆಸರು. ಬೆನ್ನಿಗೆ ಇಂಗ್ಲಿಷೇ ಬೇಕೆಂದರೆ ಎಂಟು ಅಕ್ಷರದ ಮಿತಿ ಎಲ್ಲರಿಗೂ ಒಂದೇ ಇರಲಿ. ಮಂಜುನಾಥ ಇಬ್ಬರಿದ್ದರೆ ಒಬ್ಬರಿಗೆ MANJU H, ಇನ್ನೊಬ್ಬರಿಗೆ MANJU R ಎಂದು ಇನಿಷಿಯಲ್ ಸೇರಿಸಿ, ಇಲ್ಲವಾದರೆ ಒಬ್ಬನ ಪಾಯಿಂಟ್ ಇನ್ನೊಬ್ಬನ ಹೆಸರಿಗೆ ಹೋಗುತ್ತದೆ. ಲಕ್ಷ್ಮೀನರಸಿಂಹನನ್ನು LAKSHMIN ಎಂದು ಎಂಟಕ್ಕೆ ಕತ್ತರಿಸಬೇಡಿ, ಅದು ಯಾರ ಹೆಸರೂ ಅಲ್ಲ. ಮನೆಯಲ್ಲಿ, ಮೈದಾನದಲ್ಲಿ ಕರೆಯುವ ಹೆಸರು ಯಾವುದೆಂದು ಅವನನ್ನೇ ಕೇಳಿ.

ಜೆರ್ಸಿಯ ಹೆಸರು ಕೂಗುವುದಕ್ಕೆ. ಸರ್ಟಿಫಿಕೇಟಿನ ಹೆಸರು ಕೆಲಸಕ್ಕೆ, ಕಾಲೇಜಿಗೆ. ಅದನ್ನು ಮಾತ್ರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ, ಇನಿಷಿಯಲ್ ಸಮೇತ, ಟೂರ್ನಿಯ ಎಂಟ್ರಿ ಫಾರಂನಲ್ಲಿ ಬರೆಯಿರಿ. ಎರಡೂ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಪ್ರತಿಯೊಬ್ಬನೂ ತನ್ನ ಸಾಲಿನ ಎದುರು ಸಹಿ ಹಾಕಿದ ಮೇಲೆ ಪ್ರಿಂಟಿಗೆ ಕಳಿಸಿ.