ಬಡಗಿ ತರಬೇತಿಯ ಸುರಕ್ಷತಾ ಪರಿಚಯ

ಇದು ಐಟಿಐಗಳ ಒಂದು ವರ್ಷದ ಬಡಗಿ ತರಬೇತಿಯ ಆರಂಭದಲ್ಲೇ ಕಲಿಸುವ ಕಾರ್ಯಾಗಾರದ ಪಾಠ. ಕಲಿಯಲು ಬರುವ ಕೆಲವರಿಗೆ ಮರಗೆಲಸ ಪರಿಚಿತವೇ ಇರಬಹುದು. ಉದಾಹರಣೆಗೆ, ಗೋಕಾಕ ಕಟ್ಟಿಗೆ ಗೊಂಬೆಗಳ ಊರು. ಅದೇ ತಾಲ್ಲೂಕಿನ ಧುಪದಾಳದ ಕಡೆಯ ಹುಡುಗರಿಗೆ ಉಳಿ, ಕೊಡತಿ ಹೊಸದಾಗಿರಲಿಕ್ಕಿಲ್ಲ. ಹೊಸದು ವಿದ್ಯುತ್ ಗರಗಸ. ಆದರೂ ಪಾಠ ಉಳಿಯಿಂದಲೇ ಶುರುವಾಗಬೇಕು: ಮರವನ್ನು ವೈಸ್‌ನಲ್ಲಿ ಬಿಗಿದು, ಎರಡೂ ಕೈ ಅಲಗಿನ ಹಿಂದಿಟ್ಟುಕೊಳ್ಳಬೇಕು. ಮೊಂಡ ಉಳಿಯೇ ಹೆಚ್ಚು ಅಪಾಯಕಾರಿ. ಜೋರಾಗಿ ಒತ್ತಿದಾಗ ಅದು ಜಾರುತ್ತದೆ.

ವೃತ್ತ ಗರಗಸದಲ್ಲಿ ಹೆದರಬೇಕಾದದ್ದು ಹಲಗೆ ಹಿಂದಕ್ಕೆ ಚಿಮ್ಮುವುದಕ್ಕೆ. ಒಳಗೆ ಒತ್ತಡವಿರುವ ಹಲಗೆಯನ್ನು ಉದ್ದಕ್ಕೆ ಸೀಳುವಾಗ ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಆಗ ಅಲಗಿನ ಹಿಂಬದಿಯ ಮೇಲೇಳುವ ಹಲ್ಲುಗಳು ಹಲಗೆಯನ್ನೆತ್ತಿ ಕೆಲಸಗಾರನತ್ತ ಎಸೆಯುತ್ತವೆ. ಇದನ್ನು ತಡೆಯಲು ಅಲಗಿನ ಬೆನ್ನಿಗೇ ಸೀಳುಪಟ್ಟಿ ಇರುತ್ತದೆ. ಅದು ಅಲಗಿನ ತಗಡಿಗಿಂತ ದಪ್ಪ, ಸೀಳಿಗಿಂತ ತೆಳು. ಮೋಟಾರಿನ ಸದ್ದು ಇಳಿದರೆ, ಮರ ಸುಟ್ಟ ವಾಸನೆ ಬಂದರೆ ಹಲಗೆ ಕಚ್ಚುತ್ತಿದೆ ಎಂದರ್ಥ. ಹಲಗೆಯನ್ನು ಹಿಂದಕ್ಕೆಳೆಯದೆ ಯಂತ್ರ ನಿಲ್ಲಿಸಬೇಕು.

ನಿಲ್ಲುವ ಜಾಗ ಅಲಗಿನ ನೇರದಲ್ಲಲ್ಲ, ಪಕ್ಕಕ್ಕೆ. ಸೀಳಿನ ಕೊನೆಗೆ ಕೈಯ ಬದಲು ತಳ್ಳುಕೋಲು. ಕೈಗವಸು ಮಾತ್ರ ಬೇಡ. ತಿರುಗುವ ಅಲಗು ಬಟ್ಟೆಯ ಜೊತೆ ಬೆರಳನ್ನೂ ಎಳೆದುಕೊಳ್ಳುತ್ತದೆ.