ವಿಧಾನ ಭಾಗದ ಕರ್ತೃ ಯಾರು? ಕೆಲಗೇರಿ ಕೆರೆನೀರಿನ ಪ್ರಯೋಗ ವರದಿ ಮತ್ತು ಯಂತ್ರಬರಹದ ಪತ್ತೆ

1. ಪ್ರಶ್ನೆ

ಧಾರವಾಡದ ಪಶ್ಚಿಮ ಅಂಚಿನಲ್ಲಿರುವ ಕೆಲಗೇರಿ ಕೆರೆ ಒಂದು ಕಾಲಕ್ಕೆ ಊರಿಗೆ ಕುಡಿಯುವ ನೀರು ಕೊಟ್ಟದ್ದು. ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಇಲ್ಲಿಂದ ದೂರವಿಲ್ಲ. ಹೀಗಾಗಿ ನೀರಿನ ಗುಣಮಟ್ಟದ ಕುರಿತ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಈ ಕೆರೆ ಸಹಜವಾದ ಆಯ್ಕೆ. ಇಂಥ ಪ್ರಾಜೆಕ್ಟಿನ ವರದಿಯಲ್ಲಿ ವಿಧಾನ ಭಾಗವೆಂಬುದು ಒಂದಿರಲೇಬೇಕು: ಮಾದರಿ ಎಲ್ಲಿ ತೆಗೆದೆವು, ಯಾವ ರಾಸಾಯನಿಕ ಎಷ್ಟು ಹಾಕಿದೆವು, ಫಲಿತಾಂಶವನ್ನು ಹೇಗೆ ಲೆಕ್ಕ ಹಾಕಿದೆವು. ಆ ಭಾಗವನ್ನು ವಿದ್ಯಾರ್ಥಿ ಬರೆದಳೋ ಯಂತ್ರ ಬರೆಯಿತೋ ಎಂದು ತೀರ್ಮಾನಿಸಬೇಕಾದ ಹೊಣೆ ಈಗ ಮೌಲ್ಯಮಾಪಕರ ಮೇಲೆ ಬಿದ್ದಿದೆ. ಬರಹವನ್ನಷ್ಟೇ ಓದಿ ಈ ತೀರ್ಮಾನಕ್ಕೆ ಬರಲಾಗದು. ಅದಕ್ಕೆ ಕಾರಣ ಪತ್ತೆ ತಂತ್ರಾಂಶದ ಕೊರತೆಗಿಂತ ಹೆಚ್ಚಾಗಿ ಆ ಬರಹಪ್ರಕಾರದ ಸ್ವಭಾವದಲ್ಲೇ ಇದೆ ಎಂಬುದು ಈ ಲೇಖನದ ವಾದ. ವಾದಕ್ಕೆ ಆಧಾರವಾಗಿ ಒಂದೇ ಪ್ರಯೋಗವನ್ನು, ಅಂದರೆ ಕೆರೆನೀರಿನಲ್ಲಿ ಕರಗಿದ ಆಮ್ಲಜನಕದ ಅಳತೆಯನ್ನು, ತೆಗೆದುಕೊಂಡಿದ್ದೇನೆ.

2. ಒಂದು ಪ್ಯಾರಾದೊಳಗೆ ಬರೆಯುವವರ ಪಾಲು ಎಷ್ಟು

ಲುಡ್ವಿಗ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನದ ಪರಿಷ್ಕೃತ ರೂಪವೇ ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ. 300 ಮಿ.ಲೀ. ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಬೇಕು. ಅದಕ್ಕೆ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್-ಅಝೈಡ್ ದ್ರಾವಣ ಸೇರಿಸಬೇಕು. ಕಂದು ಬಣ್ಣದ ಒತ್ತರ ತಳಕ್ಕೆ ಕೂತ ಮೇಲೆ ಸಲ್ಫ್ಯೂರಿಕ್ ಆಮ್ಲ ಹಾಕಿ ಕರಗಿಸಬೇಕು. ಬಿಡುಗಡೆಯಾದ ಅಯೋಡಿನ್ನನ್ನು ಸೋಡಿಯಂ ಥಯೋಸಲ್ಫೇಟಿನಿಂದ ಟೈಟ್ರೇಶನ್ ಮಾಡುತ್ತ, ದ್ರಾವಣ ತಿಳಿಹಳದಿಗೆ ತಿರುಗಿದಾಗ ಪಿಷ್ಟ ಸೇರಿಸಿ, ನೀಲಿ ಮಾಯವಾಗುವವರೆಗೆ ಮುಂದುವರಿಸಬೇಕು. ಥಯೋಸಲ್ಫೇಟ್ 0.025 ಮೋಲಾರ್ ಇದ್ದು, ಟೈಟ್ರೇಶನ್ನಿಗೆ ತೆಗೆದುಕೊಂಡದ್ದು ಮೂಲ ಮಾದರಿಯ 200 ಮಿ.ಲೀ.ಗೆ ಸಮನಾಗಿದ್ದರೆ, ಬ್ಯುರೆಟ್ಟಿನ 1 ಮಿ.ಲೀ. ಎಂದರೆ ಲೀಟರಿಗೆ 1 ಮಿ.ಗ್ರಾಂ. ಆಮ್ಲಜನಕ.

ಈ ವಿವರಣೆಯಲ್ಲಿ ಬರೆಯುವವರ ಸ್ವಂತ ಆಯ್ಕೆಗೆ ಬಿಟ್ಟದ್ದು ಬಹಳ ಕಡಿಮೆ. ಹಂತಗಳ ಕ್ರಮವನ್ನು ರಸಾಯನಶಾಸ್ತ್ರ ಗೊತ್ತು ಮಾಡಿದೆ. ಪಿಷ್ಟವನ್ನು ಮೊದಲೇ ಹಾಕಿದರೆ ಕೊನೆಬಿಂದು ಕೆಡುತ್ತದೆ. ಪ್ರಮಾಣಗಳನ್ನು ಕೈಪಿಡಿ ಗೊತ್ತು ಮಾಡಿದೆ. ವಾಕ್ಯದ ಧಾಟಿಯನ್ನು ವಿಭಾಗದ ಸಂಪ್ರದಾಯ ಗೊತ್ತು ಮಾಡಿದೆ: ‘ನಾನು’ ಬರಕೂಡದು, ಕರ್ಮಣಿ ಪ್ರಯೋಗ ಇರಬೇಕು, ಭೂತಕಾಲ ಇರಬೇಕು. ಪದವಿಯ ವಿಜ್ಞಾನ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಇನ್ನೊಂದು ಕಟ್ಟು ಸೇರುತ್ತದೆ. ಜರ್ನಲ್ಲಿನಲ್ಲಿ ಒಮ್ಮೆ ತಿದ್ದಿಸಿಕೊಂಡು ಸಹಿ ಹಾಕಿಸಿಕೊಂಡ ವಾಕ್ಯವೇ ಆಕೆಗೆ ಭರವಸೆಯ ವಾಕ್ಯ. ಅದನ್ನು ಬಿಟ್ಟು ಬೇರೆ ಬರೆಯುವುದೆಂದರೆ ತಪ್ಪನ್ನು ಕೈಯಾರೆ ಕರೆದಂತೆ. ಇಷ್ಟೆಲ್ಲ ಕಳೆದ ಮೇಲೆ ಆಕೆಗೆ ಉಳಿಯುವುದು ಮಾದರಿ ತೆಗೆದ ಜಾಗ, ದಿನ, ಹೊತ್ತು ಮತ್ತು ಬ್ಯುರೆಟ್ಟಿನ ರೀಡಿಂಗುಗಳು ಮಾತ್ರ.

3. ಪತ್ತೆ ತಂತ್ರಾಂಶ ಅಳೆಯುವುದೇನು

ಪತ್ತೆ ತಂತ್ರಾಂಶಗಳಲ್ಲಿ ಹಲವು ನೋಡುವುದು ಊಹೆಯ ಸುಲಭತೆಯನ್ನು. ಒಂದು ಭಾಷಾ ಮಾದರಿಗೆ ಬರಹವನ್ನು ಕೊಟ್ಟು, ಪ್ರತಿ ಪದವನ್ನೂ ಅದರ ಹಿಂದಿನ ಪದಗಳಿಂದ ಎಷ್ಟರ ಮಟ್ಟಿಗೆ ಊಹಿಸಬಹುದಿತ್ತು ಎಂದು ಲೆಕ್ಕ ಹಾಕುತ್ತವೆ. ಈ ಅಳತೆಗೆ ಪರ್ಪ್ಲೆಕ್ಸಿಟಿ ಎಂದು ಹೆಸರು. ಪದಗಳು ಸಲೀಸಾಗಿ ಊಹೆಗೆ ಸಿಕ್ಕರೆ, ವಾಕ್ಯದಿಂದ ವಾಕ್ಯಕ್ಕೆ ಏರಿಳಿತ ಕಾಣದಿದ್ದರೆ, ಯಂತ್ರದ ಕಡೆಗೆ ಅಂಕ ವಾಲುತ್ತದೆ. ಪ್ರಬಂಧ, ವಿಮರ್ಶೆಗಳಲ್ಲಿ ಈ ತರ್ಕಕ್ಕೆ ಸ್ವಲ್ಪವಾದರೂ ಆಸರೆಯಿದೆ. ವಿಧಾನ ಭಾಗದಲ್ಲಿ ಇಲ್ಲ. ‘ಪಿಷ್ಟವನ್ನು ಸೂಚಕವಾಗಿ’ ಎಂದ ಮೇಲೆ ‘ಬಳಸಲಾಯಿತು’ ಎಂದಲ್ಲದೆ ಬೇರೇನು ಬಂದೀತು? ಊಹೆಗೆ ನಿಲುಕುವಂತೆ ಬರೆಯುವುದೇ ಇಲ್ಲಿ ಒಳ್ಳೆಯ ಬರವಣಿಗೆ, ಏಕೆಂದರೆ ಇನ್ನೊಬ್ಬರು ಅದನ್ನು ಓದಿ ಅದೇ ಪ್ರಯೋಗವನ್ನು ಮತ್ತೆ ಮಾಡಬೇಕು. ಭಾಷಾ ಮಾದರಿಗಳು ಈ ಧಾಟಿಯನ್ನು ಕಲಿತದ್ದೂ ಮನುಷ್ಯರು ಬರೆದ ಇಂಥ ಬರಹಗಳಿಂದಲೇ. ಎರಡೂ ಕಡೆಯ ಬರಹ ಒಂದೇ ಮೂಲದಿಂದ ಬಂದಾಗ ಹೋಲಿಕೆಯನ್ನು ಸಾಕ್ಷಿಯೆಂದು ಒಪ್ಪಲಾಗದು.

ಓಪನ್‌ಎಐ ಸಂಸ್ಥೆ 2023ರ ಜನವರಿಯಲ್ಲಿ ತನ್ನದೇ ಪತ್ತೆ ಸಾಧನವನ್ನು ಬಿಡುಗಡೆ ಮಾಡಿದಾಗ ಈ ಮಿತಿಯನ್ನು ತಾನೇ ಹೇಳಿಕೊಂಡಿತ್ತು: ತೀರಾ ಊಹಿಸಬಹುದಾದ ಬರಹದ ಮೂಲವನ್ನು ವಿಶ್ವಾಸದಿಂದ ಗುರುತಿಸಲಾಗದು. ಮೊದಲ 1,000 ಅವಿಭಾಜ್ಯ ಸಂಖ್ಯೆಗಳ ಪಟ್ಟಿಯನ್ನು ಅದು ಉದಾಹರಣೆಯಾಗಿ ಕೊಟ್ಟಿತ್ತು. ಸರಿಯುತ್ತರ ಒಂದೇ ಆದ್ದರಿಂದ ಯಾರು ಬರೆದರೂ ಪಟ್ಟಿ ಒಂದೇ. 1,000 ಅಕ್ಷರಗಳಿಗಿಂತ ಚಿಕ್ಕದಾದ ಬರಹದ ಮೇಲೆ ಸಾಧನ ನೆಚ್ಚಿಕೆಗೆ ಅರ್ಹವಲ್ಲ ಎಂದೂ ಎಚ್ಚರಿಸಿತ್ತು. ಒಂದು ಪ್ರಯೋಗದ ವಿಧಾನ ಪ್ಯಾರಾ ಹಲವು ಸಲ ಆ ಅಳತೆಯನ್ನೂ ಮುಟ್ಟುವುದಿಲ್ಲ. ನಿಖರತೆ ಸಾಲದೆಂಬ ಕಾರಣಕ್ಕೆ ಅದೇ ವರ್ಷದ ಜುಲೈನಲ್ಲಿ ಸಾಧನವನ್ನು ಹಿಂದಕ್ಕೆ ಪಡೆಯಲಾಯಿತು.

4. ಒಂದು ತರಗತಿಯ ಲೆಕ್ಕ

ಆ ಸಾಧನದ ಬಗ್ಗೆ ಸಂಸ್ಥೆಯೇ ಕೊಟ್ಟ ಅಂಕಿ ಎರಡು: ಯಂತ್ರಬರಹದಲ್ಲಿ ಹಿಡಿದದ್ದು ಶೇ. 26, ಮನುಷ್ಯರ ಬರಹವನ್ನು ತಪ್ಪಾಗಿ ಯಂತ್ರದ್ದೆಂದದ್ದು ಶೇ. 9. ಈ ಅಂಕಿಗಳನ್ನು ಒಂದು ಕಲ್ಪಿತ ತರಗತಿಗೆ ಅನ್ವಯಿಸಿ ನೋಡೋಣ. 100 ವಿದ್ಯಾರ್ಥಿಗಳು ಕೆರೆನೀರಿನ ವರದಿ ಒಪ್ಪಿಸಿದ್ದಾರೆ. ಅವರಲ್ಲಿ 10 ಮಂದಿ ಯಂತ್ರದಿಂದ ಬರೆಸಿದ್ದಾರೆ ಎಂದಿಟ್ಟುಕೊಳ್ಳಿ. ಆ 10ರಲ್ಲಿ ಸಿಕ್ಕಿಬೀಳುವವರು ಎರಡು ಮೂರು ಮಂದಿ. ತಾವೇ ಬರೆದ 90 ಮಂದಿಯಲ್ಲಿ ಆರೋಪ ಹೊರುವವರು ಸುಮಾರು ಎಂಟು ಮಂದಿ. ಅಂದರೆ ವಿಭಾಗದ ಮುಂದೆ ವಿಚಾರಣೆಗೆ ನಿಲ್ಲುವ 11 ಜನರಲ್ಲಿ ಎಂಟು ಜನ ನಿರಪರಾಧಿಗಳು.

ಇಂದಿನ ಸಾಧನಗಳ ಅಂಕಿಗಳು ಬೇರೆ ಇರಬಹುದು, ಲೆಕ್ಕದ ಸ್ವರೂಪ ಬದಲಾಗುವುದಿಲ್ಲ. ಸೂತ್ರಬದ್ಧ ಬರಹವನ್ನು ಇದಕ್ಕೆ ಸೇರಿಸಿದರೆ ತಪ್ಪು ಆರೋಪದ ಪಾಲು ಏರುವುದೇ ಸಹಜ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲಿ ಏಳು ಪತ್ತೆ ಸಾಧನಗಳಿಗೆ ಟೋಫೆಲ್ ಪರೀಕ್ಷೆಯ 91 ಪ್ರಬಂಧಗಳನ್ನು ಕೊಟ್ಟಾಗ, ಇಂಗ್ಲಿಷ್ ತಾಯ್ನುಡಿಯಲ್ಲದವರು ಸ್ವತಃ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ. 61ಕ್ಕೂ ಹೆಚ್ಚು ಯಂತ್ರದ್ದೆಂದು ಗುರುತಾದವು. ಸೀಮಿತ ಪದಸಂಪತ್ತು ಪರ್ಪ್ಲೆಕ್ಸಿಟಿಯನ್ನು ತಗ್ಗಿಸುತ್ತದೆ ಎಂಬುದು ಕಾರಣ. ಕೆಲಗೇರಿಯ ನೀರು ತಂದು ಇಂಗ್ಲಿಷಿನಲ್ಲಿ ವರದಿ ಬರೆಯುವ ಕನ್ನಡದ ವಿದ್ಯಾರ್ಥಿ ಹೀಗೆ ಎರಡು ಕಡೆಯಿಂದ ಸಿಕ್ಕಿಕೊಳ್ಳುತ್ತಾಳೆ: ಪ್ರಕಾರವೂ ಸೂತ್ರಬದ್ಧ, ಆಕೆಯ ಇಂಗ್ಲಿಷೂ ಸೂತ್ರಬದ್ಧ.

5. ನಕಲು ನಿಯಮದಲ್ಲಿ ಕಾಣುವ ವಿವೇಕ

ವಿಧಾನ ಭಾಗವನ್ನು ಬೇರೆಯಾಗಿ ನೋಡಬೇಕೆಂಬ ಸೂಚನೆ ನಮ್ಮ ನಿಯಮಗಳಿಗೆ ಹೊಸದಲ್ಲ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ತಂದ ನಿಯಮಾವಳಿ ಹೋಲಿಕೆಯ ತಪಾಸಣೆಯಿಂದ ಸಾಮಾನ್ಯ ಪದಗಳು, ಪ್ರಮಾಣಿತ ಸಂಕೇತಗಳು, ಪ್ರಮಾಣಿತ ಸಮೀಕರಣಗಳನ್ನು ಹೊರಗಿಟ್ಟಿದೆ. ಆಕಸ್ಮಿಕವಾಗಿ ಒಂದೇ ಆಗುವ 14 ಪದಗಳವರೆಗಿನ ಸಾಲಿಗೂ ವಿನಾಯಿತಿ ಕೊಟ್ಟಿದೆ. ಮೂಲ ಚಿಂತನೆಯಿಂದ ಕೂಡಿರಬೇಕಾದ ಭಾಗಗಳೆಂದು ಅದು ಹೆಸರಿಸಿದ್ದು ಸಾರಲೇಖ, ಸಾರಾಂಶ, ಊಹೆ, ಅವಲೋಕನ, ಫಲಿತಾಂಶ, ತೀರ್ಮಾನ ಮತ್ತು ಶಿಫಾರಸುಗಳನ್ನು. ವಿಧಾನ ಆ ಪಟ್ಟಿಯಲ್ಲಿಲ್ಲ. ವಿಧಾನವನ್ನು ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಬರೆಯುತ್ತಾರೆಂಬ ವಾಸ್ತವಕ್ಕೆ ಈ ಪಟ್ಟಿ ಹೊಂದುತ್ತದೆ. ಇಡೀ ವರದಿಗೆ ಒಂದೇ ಯಂತ್ರಬರಹದ ಅಂಕ ಕೊಟ್ಟು ಬಿಡುವ ಪದ್ಧತಿಯಲ್ಲಿ ಈ ವಿವೇಕ ಕಾಣುವುದಿಲ್ಲ.

6. ತಪ್ಪುಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ

ಶೈಲಿ ಬಿಟ್ಟು ವಿಷಯದ ತಪ್ಪುಗಳಿಂದ ಯಂತ್ರವನ್ನು ಹಿಡಿಯಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ. ಎರಡು ನಿದರ್ಶನ ನೋಡೋಣ. ಮೊದಲನೆಯದು 200 ಮಿ.ಲೀ. ತಿದ್ದುಪಡಿ. ಬಾಟಲಿಗೆ ಹಾಕಿದ ಎರಡು ದ್ರಾವಣಗಳಷ್ಟೇ ನೀರು ಹೊರಚೆಲ್ಲುತ್ತದೆ. ತಲಾ 1 ಮಿ.ಲೀ. ಹಾಕಿದ್ದರೆ ಟೈಟ್ರೇಶನ್ನಿಗೆ 201 ಮಿ.ಲೀ. ತೆಗೆಯಬೇಕು, ತಲಾ 2 ಮಿ.ಲೀ. ಹಾಕಿದ್ದರೆ 203. ‘2 ಮಿ.ಲೀ. ಹಾಕಲಾಯಿತು, 201 ಮಿ.ಲೀ. ತೆಗೆಯಲಾಯಿತು’ ಎಂದು ಬರೆದಿದ್ದರೆ ಅಲ್ಲಿ ಎರಡು ಕೈಪಿಡಿಗಳು ಬೆರೆತಿವೆ. ಎರಡನೆಯದು ಜೈವಿಕ ಆಮ್ಲಜನಕ ಬೇಡಿಕೆ. ಚಳಿ ದೇಶಗಳ ಪುಸ್ತಕಗಳಲ್ಲಿ ಬಾಟಲಿಯನ್ನು 20 ಡಿಗ್ರಿಯಲ್ಲಿ 5 ದಿನ ಇಡುತ್ತಾರೆ. ಭಾರತೀಯ ಮಾನಕ ಐಎಸ್ 3025 ಹೇಳುವುದು 27 ಡಿಗ್ರಿಯಲ್ಲಿ 3 ದಿನ. ಪ್ರಯೋಗಾಲಯದ ಇನ್‌ಕ್ಯುಬೇಟರ್ 27ಕ್ಕೆ ಇದ್ದು ವರದಿಯಲ್ಲಿ 20 ಎಂದಿದ್ದರೆ ಬರೆದವರು ಕಂಡದ್ದನ್ನು ಬರೆದಿಲ್ಲ.

ಎರಡೂ ತಪ್ಪುಗಳು ಗಂಭೀರ. ಆದರೆ ಎರಡನ್ನೂ ಯಂತ್ರ ಮಾಡಬಲ್ಲದು, ಪರದೇಶದ ಪುಸ್ತಕ ನೋಡಿ ಬರೆದ ವಿದ್ಯಾರ್ಥಿಯೂ ಮಾಡಬಲ್ಲಳು, ಹಿಂದಿನ ವರ್ಷದವರ ಜರ್ನಲ್ ಇಟ್ಟುಕೊಂಡು ಬರೆದವರೂ ಮಾಡಬಲ್ಲರು. ಬರಹಕ್ಕೂ ಕೆಲಸಕ್ಕೂ ನಂಟು ಕಡಿದಿದೆ ಎಂದು ಮಾತ್ರ ಇವು ಸಾಬೀತು ಮಾಡುತ್ತವೆ. ಕಡಿದವರು ಯಾರು ಎಂದಲ್ಲ.

7. ಕೇಳಬೇಕಾದ ಪ್ರಶ್ನೆ

ಹಾಗಾದರೆ ಮೌಲ್ಯಮಾಪಕರು ಉತ್ತರ ಸಿಗುವ ಪ್ರಶ್ನೆಯನ್ನು ಕೇಳಬೇಕು: ಈ ಪ್ರಯೋಗ ನಡೆಯಿತೇ? ಅದಕ್ಕೆ ಸಾಕ್ಷಿ ಇರುವುದು ಕಚ್ಚಾ ಅಂಕಿಗಳಲ್ಲಿ. ನಮ್ಮ ಸಾಮಾನ್ಯ ಬ್ಯುರೆಟ್ಟಿನ ಗೆರೆಗಳ ಅಂತರ 0.1 ಮಿ.ಲೀ.; ಕಣ್ಣಳತೆಯಲ್ಲಿ 0.05ರವರೆಗೆ ಓದಬಹುದು. 6.83 ಎಂಬ ರೀಡಿಂಗ್ ಅದರಲ್ಲಿ ಸಿಗುವಂಥದ್ದಲ್ಲ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ವಾಯುಒತ್ತಡ ಕಡಿಮೆ. 25 ಡಿಗ್ರಿಯ ನೀರು ಸಮುದ್ರಮಟ್ಟದಲ್ಲಿ ಲೀಟರಿಗೆ ಸುಮಾರು 8.3 ಮಿ.ಗ್ರಾಂ. ಆಮ್ಲಜನಕ ಹಿಡಿದರೆ ಇಲ್ಲಿ ಸುಮಾರು 7.5 ಹಿಡಿಯುತ್ತದೆ. ಕೆಲಗೇರಿಯ ವರದಿಯಲ್ಲಿ 9 ಎಂದು ಕಂಡರೆ ಒಮ್ಮೆಲೇ ಸುಳ್ಳೆನ್ನಬಾರದು; ಬಿಸಿಲಿನ ಮಧ್ಯಾಹ್ನ ಪಾಚಿಯ ದ್ಯುತಿಸಂಶ್ಲೇಷಣೆ ನೀರನ್ನು ಆ ಮಿತಿಯಾಚೆಗೂ ಒಯ್ಯುತ್ತದೆ. ನಸುಕಿನಲ್ಲಿ ತೆಗೆದ ಮಾದರಿಯಲ್ಲಿ 9 ಇದ್ದರೆ, ಅಥವಾ ನಸುಕಿಗೂ ಮಧ್ಯಾಹ್ನಕ್ಕೂ ಅಂಕಿ ಕದಲದೆ ನಿಂತಿದ್ದರೆ, ಆಗ ವಿವರಣೆ ಕೇಳಬೇಕು. ಕೆರೆಗೆ ಹೋಗಿಬಂದವರು ಆ ವಿವರಣೆ ಕೊಡಬಲ್ಲರು: ಯಾವ ದಂಡೆ, ಎಷ್ಟು ಹೊತ್ತಿಗೆ, ಒತ್ತರ ಕಂದಾಯಿತೋ ಬೆಳ್ಳಗೇ ಉಳಿಯಿತೋ. ಬೆಳ್ಳಗೇ ಉಳಿದಿದ್ದರೆ ನೀರಿನಲ್ಲಿ ಆಮ್ಲಜನಕವೇ ಇರಲಿಲ್ಲವೆಂದರ್ಥ.

ಈ ಪರೀಕ್ಷೆಗೂ ಮಿತಿಯುಂಟು. ಅಂಕಿಗಳನ್ನು ಜಾಣತನದಿಂದ ಹುಟ್ಟಿಸಬಹುದು. ಯಂತ್ರ ಬರುವ ಮೊದಲೂ ಹುಟ್ಟಿಸುತ್ತಿದ್ದರು. ಆದರೂ ಇಲ್ಲಿ ಆರೋಪಕ್ಕೊಳಗಾದವರಿಗೆ ಉತ್ತರ ಕೊಡುವ ದಾರಿ ಇದೆ. ತಂತ್ರಾಂಶದ ಶೇಕಡಾವಾರು ಅಂಕದ ಮುಂದೆ ಅಂಥ ದಾರಿ ಇಲ್ಲ. ಸ್ವಂತ ಕೈಯಿಂದ ಬರೆದೆನೆಂದು ಯಾರೂ ಬರಹವನ್ನಷ್ಟೇ ತೋರಿಸಿ ಸಾಬೀತು ಮಾಡಲಾರರು.

ಆದ್ದರಿಂದ ವಿಜ್ಞಾನ ವಿಭಾಗಗಳು ಮೂರು ಕ್ರಮಗಳನ್ನು ಕೈಗೊಳ್ಳಬೇಕು. ವಿಧಾನ ಭಾಗವನ್ನು ಯಂತ್ರಬರಹದ ತಪಾಸಣೆಯಿಂದ ಹೊರಗಿಡಬೇಕು. ರೀಡಿಂಗುಗಳನ್ನು ಪ್ರಯೋಗದ ದಿನವೇ ಜರ್ನಲ್ಲಿನಲ್ಲಿ ಬರೆಸಿ, ಅಂದೇ ಸಹಿ ಹಾಕಬೇಕು. ವೈವಾದಲ್ಲಿ ಪುಸ್ತಕದ ವ್ಯಾಖ್ಯೆಗಳ ಬದಲು ವಿದ್ಯಾರ್ಥಿಯ ಸ್ವಂತ ಅಂಕಿಗಳ ಮೇಲೆ ಪ್ರಶ್ನೆ ಕೇಳಬೇಕು. ಬರೆದವರ ಗುರುತು ಉಳಿಯದಂತೆ ಬರೆಯಿರಿ ಎಂದು ಕಲಿಸಿದವರು ನಾವೇ. ಆ ಗುರುತು ಕಾಣದ್ದಕ್ಕಾಗಿ ವಿದ್ಯಾರ್ಥಿಯನ್ನು ಶಿಕ್ಷಿಸುವುದು ನ್ಯಾಯವಲ್ಲ.